ಶಾರ್ಜಾದಿಂದ ಬಂದ ಸ್ಕ್ರೀನ್‌ಶಾಟ್ ಓದುವುದು: ಕಾರಟಗಿಯ ಖಾತೆಗೆ ಎಷ್ಟು ರೊಕ್ಕ, ಯಾವಾಗ

ಬ್ಯಾಂಕಿನ ಕೌಂಟರಿನಲ್ಲಿ ಬಹಳ ವರ್ಷ ಕೂತು ನಿವೃತ್ತನಾದವನು ನಾನು. ಈಗ ಕಾರಟಗಿಯಲ್ಲಿದ್ದೇನೆ. ಭತ್ತದ ಕೊಯ್ಲು ನಡೆದಿದ್ದ ದಿನಗಳಲ್ಲಿ ಒಂದು ಶುಕ್ರವಾರ ರಾತ್ರಿ ಹತ್ತೂವರೆ ದಾಟಿದ ಮೇಲೆ ನಮ್ಮ ಓಣಿಯ ಒಬ್ಬ ತಾಯಿ ತಮ್ಮ ಕಿರಿಯ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹಿರಿಯ ಮಗ ಶಾರ್ಜಾದಲ್ಲಿ ಎಲೆಕ್ಟ್ರಿಷಿಯನ್. ಅಂದು ಸಂಜೆ ಅವನು ಹಣ ಕಳಿಸಿ, ಆ್ಯಪಿನ ಸ್ಕ್ರೀನ್‌ಶಾಟನ್ನು ವಾಟ್ಸಾಪಿಗೆ ಹಾಕಿದ್ದ. ಪಿಯುಸಿ ಓದುತ್ತಿದ್ದ ತಮ್ಮ ಆ ಚಿತ್ರದಲ್ಲಿದ್ದ ದಿರ್ಹಮ್ ಮೊತ್ತವನ್ನು ಇಂಟರ್ನೆಟ್ಟಿನಲ್ಲಿ ಕಂಡ ದರದಿಂದ ಗುಣಿಸಿ ನೋಡಿದಾಗ 738 ರೂಪಾಯಿ ಕಡಿಮೆ ಬಿತ್ತು. ಅದರ ಮೇಲೆ, ಹತ್ತೂವರೆಗೆ ಬರುವುದೆಂದು ಬರೆದಿದ್ದ ಹಣ ಹತ್ತೂವರೆಯಾದರೂ ಬಂದಿರಲಿಲ್ಲ. "ಸರ, ನನ್ನ ಮಗನಿಗೆ ಯಾರರ ಮೋಸ ಮಾಡ್ಯಾರೇನ್ರಿ?" ಎಂಬುದು ಆ ತಾಯಿಯ ಪ್ರಶ್ನೆ.

ಮೋಸ ಆಗಿರಲಿಲ್ಲ. ಆದರೆ ಅವರ ಎರಡೂ ಅನುಮಾನಗಳು ನ್ಯಾಯವಾದವೇ ಆಗಿದ್ದವು, ಮತ್ತು ಎರಡಕ್ಕೂ ಉತ್ತರ ಆ ಒಂದೇ ಚಿತ್ರದಲ್ಲಿತ್ತು. ಅಂದು ಅವರಿಗೆ ಹೇಗೆ ಓದಿ ತೋರಿಸಿದೆನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ. ದರಗಳು ದಿನವೂ ಬದಲಾಗುವುದರಿಂದ ಇಲ್ಲಿಯ ಅಂಕಿಗಳನ್ನು ಲೆಕ್ಕದ ರೀತಿ ತಿಳಿಯುವುದಕ್ಕಷ್ಟೇ ಬಳಸಿ. ಇಂದಿನ ದರವೆಂದು ಹಿಡಿಯಬೇಡಿ. ಆ ಚಿತ್ರದಲ್ಲಿದ್ದ ಮುಖ್ಯ ಸಾಲುಗಳು ಇವು:

```
You send           1,500.00 AED
Fee (incl. VAT)       15.75 AED
Total to pay       1,515.75 AED
Exchange rate      1 AED = 23.76 INR
Recipient gets     35,640.00 INR
Should arrive by   Fri, 10:30 PM
Status             Processing
```

ಎಪಿಎಂಸಿಯಲ್ಲಿ ಭತ್ತ ಮಾರಿದವರಿಗೆ ಈ ಚಿತ್ರ ಹೊಸದಲ್ಲ. ಅಡತಿ ಅಂಗಡಿಯವರು ಕೊಡುವ ಪಟ್ಟಿಯಲ್ಲಿ ತೂಕ ಇರುತ್ತದೆ, ದರ ಇರುತ್ತದೆ, ಹಮಾಲಿ ಮೊದಲಾದ ಖರ್ಚು ಇರುತ್ತದೆ, ಕೊನೆಗೆ ಕೈಗೆ ಬರುವ ಮೊತ್ತ ಇರುತ್ತದೆ. ಇಲ್ಲಿ ತೂಕದ ಜಾಗದಲ್ಲಿ ದಿರ್ಹಮ್ ಇದೆ, ಹಮಾಲಿಯ ಜಾಗದಲ್ಲಿ ಶುಲ್ಕ ಇದೆ. ಪಟ್ಟಿಯನ್ನು ನೀವು ಹೇಗೆ ತಾಳೆ ನೋಡುತ್ತೀರೋ ಇದನ್ನೂ ಹಾಗೆಯೇ ನೋಡಬೇಕು.

ಮೊದಲು: ಇದು ವಿಚಾರಣೆಯ ಪರದೆಯೋ, ರಸೀದಿಯೋ?

ಯಾವ ಅಂಕಿಯನ್ನೂ ಓದುವ ಮುಂಚೆ, ಹಣ ನಿಜವಾಗಿ ಹೊರಟಿದೆಯೇ ಎಂಬುದನ್ನು ತಿಳಿಯಬೇಕು. ಆ್ಯಪಿನಲ್ಲಿ ಮೊತ್ತ ಹಾಕಿದ ಕೂಡಲೇ ದರ, ಶುಲ್ಕ, ಸಿಗುವ ರೂಪಾಯಿ, ತಲುಪುವ ಸಮಯ ಎಲ್ಲವೂ ಕಾಣಿಸಿಕೊಳ್ಳುತ್ತವೆ. ಆಗ ಒಂದು ಪೈಸೆಯೂ ಕದಲಿರುವುದಿಲ್ಲ. ಎಷ್ಟೋ ಮಕ್ಕಳು ಕಳಿಸುವ ಮುಂಚೆ "ಇಷ್ಟು ಬರತೈತಿ ನೋಡವ್ವ" ಎಂದು ಈ ಪರದೆಯನ್ನೇ ಊರಿಗೆ ಹಾಕುತ್ತಾರೆ, ಆಮೇಲೆ ಪಾವತಿ ಮಾಡುವುದನ್ನು ಮರುದಿನಕ್ಕೆ ಮುಂದೂಡುತ್ತಾರೆ. ಇತ್ತ ಮನೆಯವರು ಹಣ ಹೊರಟಿದೆ ಎಂದು ಕಾಯುತ್ತಾ ಕೂರುತ್ತಾರೆ.

ಗುರುತಿಸುವುದು ಸುಲಭ. ಚಿತ್ರದ ಕೆಳಭಾಗದಲ್ಲಿ `Continue` ಅಥವಾ `Send now` ಎಂಬ ಗುಂಡಿ ಕಾಣುತ್ತಿದ್ದರೆ ಅದು ವಿಚಾರಣೆಯ ಪರದೆ. ರಸೀದಿಯಾಗಿದ್ದರೆ ಅದರಲ್ಲಿ ವ್ಯವಹಾರದ ಉಲ್ಲೇಖ ಸಂಖ್ಯೆ, ಹಣ ಪಡೆಯುವವರ ಹೆಸರು, ಸಾಮಾನ್ಯವಾಗಿ ಖಾತೆಯ ಕೊನೆಯ ನಾಲ್ಕು ಅಂಕಿ, ಜೊತೆಗೆ `Status` ಎಂಬ ಸ್ಥಿತಿಯ ಸಾಲು ಇರುತ್ತದೆ. ಆ ತಾಯಿ ತಂದ ಚಿತ್ರದಲ್ಲಿ ಇವೆಲ್ಲವೂ ಇದ್ದವು. ಕೊನೆಯ ನಾಲ್ಕು ಅಂಕಿಗಳನ್ನು ಅವರ ಪಾಸ್‌ಬುಕ್ಕಿನೊಂದಿಗೆ ಹೋಲಿಸಿದೆವು, ಸರಿಯಿದ್ದವು. ಇದಕ್ಕೆ ಅರ್ಧ ನಿಮಿಷ ಸಾಕು, ಆದರೆ ಬಿಡುವಂತಿಲ್ಲ. ಮಗನ ಆ್ಯಪಿನಲ್ಲಿ ತಂದೆಯ ಹಳೆಯ ಖಾತೆಯೇ ಉಳಿದುಕೊಂಡು, ತಾಯಿ ಬೇರೊಂದು ಪಾಸ್‌ಬುಕ್ ಹಿಡಿದು ಅಲೆದ ಉದಾಹರಣೆಗಳನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ.

ಎರಡನೆಯದು: ಪಟ್ಟಿ ತಾಳೆಯಾಗುತ್ತದೆಯೇ?

ಈಗ ಕಾಗದ, ಪೆನ್ನು ತೆಗೆದುಕೊಳ್ಳಿ. ರೂಪಾಯಿಗೆ ಬದಲಾಗುವ ವಿದೇಶಿ ಮೊತ್ತ ಯಾವುದು ಎಂಬುದನ್ನು ಹುಡುಕಬೇಕು. ಎಲ್ಲ ಗೊಂದಲದ ಬೇರು ಇಲ್ಲಿದೆ, ಏಕೆಂದರೆ ಚಿತ್ರದಲ್ಲಿ ಎರಡು ದಿರ್ಹಮ್ ಮೊತ್ತಗಳಿವೆ. ಮಗನ ಕಾರ್ಡಿನಿಂದ ಹೋದದ್ದು 1,515.75, ರೂಪಾಯಿಗೆ ಬದಲಾದದ್ದು 1,500. ನಡುವಿನ 15.75 ಶುಲ್ಕ. ಅದರಲ್ಲಿ 15 ದಿರ್ಹಮ್ ಕಂಪನಿಯದು, 0.75 ಅಲ್ಲಿಯ ಸರ್ಕಾರದ ತೆರಿಗೆ. ಯುಎಇಯಲ್ಲಿ 2018ರ ಜನವರಿಯಿಂದ ಶೇ. 5ರ ಮೌಲ್ಯವರ್ಧಿತ ತೆರಿಗೆ ಇದ್ದು, ಅದು ಈ ಶುಲ್ಕದ ಮೇಲೆ ಬೀಳುತ್ತದೆಯೇ ಹೊರತು ಕಳಿಸುವ ಮೊತ್ತದ ಮೇಲಲ್ಲ. ಸೌದಿಯಲ್ಲಿ ಇದೇ ತೆರಿಗೆ 2020ರ ಜುಲೈನಿಂದ ಶೇ. 15 ಆಗಿರುವುದರಿಂದ, ಅಲ್ಲಿಂದ ಬರುವ ಚಿತ್ರದಲ್ಲಿ ಶುಲ್ಕದ ಬಾಲ ಸ್ವಲ್ಪ ಉದ್ದವಾಗಿ ಕಾಣುತ್ತದೆ.

ಆದ್ದರಿಂದ ಗುಣಾಕಾರ ಹೀಗೆ:

```
1,500 × 23.76 = 35,640
```

`Recipient gets` ಎಂಬ ಸಾಲಿನಲ್ಲಿರುವುದೂ 35,640. ಪಟ್ಟಿ ತಾಳೆಯಾಯಿತು. ಅಂದರೆ ಆ್ಯಪು ತಾನು ತೋರಿಸಿದ ದರ ಮತ್ತು ಶುಲ್ಕ ಬಿಟ್ಟು ಬೇರೇನನ್ನೂ ಈ ಲೆಕ್ಕದಲ್ಲಿ ಕಳೆದಿಲ್ಲ.

ಎಲ್ಲ ಆ್ಯಪುಗಳೂ ಶುಲ್ಕವನ್ನು ಹೀಗೆ ಮೇಲೆ ಸೇರಿಸುವುದಿಲ್ಲ. ಕೆಲವು, ಕೊಟ್ಟ ಮೊತ್ತದ ಒಳಗಿನಿಂದಲೇ ಶುಲ್ಕ ಮುರಿದುಕೊಳ್ಳುತ್ತವೆ. ಅಂಥ ಆ್ಯಪಿನಲ್ಲಿ ಮಗ 1,500 ದಿರ್ಹಮ್ ಮಾತ್ರ ಕೊಟ್ಟಿದ್ದರೆ, ಮೊದಲು 15.75 ಕಳೆದು ಉಳಿದ 1,484.25ನ್ನು 23.76ರಿಂದ ಗುಣಿಸಬೇಕಾಗುತ್ತಿತ್ತು, ಆಗ ಊರಿಗೆ ಬರುವುದು 35,265.78 ರೂಪಾಯಿ. "ಹದಿನೈದು ನೂರು ಕಳಿಸೀನಿ" ಎಂದು ಮಗ ಎರಡೂ ಸಂದರ್ಭದಲ್ಲಿ ಹೇಳುತ್ತಾನೆ, ಎರಡೂ ಸಲ ಅದು ನಿಜವೇ, ಆದರೆ ಮನೆಗೆ ಬರುವ ಮೊತ್ತದಲ್ಲಿ 374 ರೂಪಾಯಿಯ ವ್ಯತ್ಯಾಸ ಬೀಳುತ್ತದೆ. ಮೇಲೆ ಸೇರಿಸಿದ್ದಾರೋ ಒಳಗಿಂದ ಮುರಿದಿದ್ದಾರೋ ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಿರದಿದ್ದರೆ ಎರಡೂ ರೀತಿ ಗುಣಿಸಿ ನೋಡಿ. ಯಾವುದು `Recipient gets` ಸಾಲಿಗೆ ಕೂಡುತ್ತದೋ ಅದೇ ಆ ಆ್ಯಪಿನ ರೀತಿ.

ಎರಡೂ ರೀತಿಯಲ್ಲಿ ಕೂಡದೆ ಎರಡು ಮೂರು ರೂಪಾಯಿ ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ. ಪರದೆಯ ಮೇಲೆ ದರವನ್ನು ದಶಮಾಂಶದ ನಂತರ ಎರಡೇ ಅಂಕಿಗೆ ತೋರಿಸಿ, ಒಳಗಿನ ಲೆಕ್ಕವನ್ನು ನಾಲ್ಕು ಅಂಕಿಗೆ ಮಾಡುವ ಆ್ಯಪುಗಳಿವೆ. ನಿಜವಾದ ದರ 23.7584 ಆಗಿದ್ದರೆ ಪರದೆಯಲ್ಲಿ 23.76 ಎಂದೇ ಕಾಣುತ್ತದೆ, ಬರುವುದು ಮಾತ್ರ 35,637.60. ನೂರಾರು ರೂಪಾಯಿ ಕೂಡದಿದ್ದರೆ ಅದಕ್ಕೆ ಬೇರೆ ಕಾರಣವಿದೆ. ಹೆಚ್ಚಾಗಿ ಅದು ಹೊಸ ಗ್ರಾಹಕರಿಗೆ ಕೊಡುವ ವಿಶೇಷ ದರದ ಫಲ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ 24.10 ಎಂದು ಇರುತ್ತದೆ; ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ದರ ಮೊದಲ 500 ದಿರ್ಹಮಿಗೆ ಮಾತ್ರ, ಉಳಿದದ್ದಕ್ಕೆ 23.50 ಎಂದು ಇರುತ್ತದೆ. ಹಾಗಿದ್ದಲ್ಲಿ 500ಕ್ಕೆ 12,050 ರೂಪಾಯಿ, ಉಳಿದ 1,000ಕ್ಕೆ 23,500, ಒಟ್ಟು 35,550. ಇದನ್ನು 1,500ರಿಂದ ಭಾಗಿಸಿದರೆ ಸರಾಸರಿ ದರ 23.70 ಮಾತ್ರ. ದಪ್ಪ ಅಕ್ಷರದ 24.10 ಕಂಡು ಮಗ ಹೊಸ ಆ್ಯಪಿಗೆ ಹೋಗಿದ್ದರೆ, ಹಳೆಯ ಆ್ಯಪಿನ ಸಾದಾ 23.76ಕ್ಕಿಂತಲೂ ಕಡಿಮೆ ಪಡೆಯುತ್ತಿದ್ದ. ಹಾಗಾಗಿ ಪರದೆಯ ದರವನ್ನು ನಂಬುವ ಬದಲು, ಸಿಗುವ ರೂಪಾಯಿಯನ್ನು ಮಗನ ಕೈಯಿಂದ ಹೋದ ಒಟ್ಟು ದಿರ್ಹಮಿನಿಂದ ಭಾಗಿಸಿ ನೋಡುವ ರೂಢಿ ಒಳ್ಳೆಯದು. ನಮ್ಮ ಚಿತ್ರದಲ್ಲಿ 35,640ನ್ನು 1,515.75ರಿಂದ ಭಾಗಿಸಿದರೆ ಸುಮಾರು 23.51 ಬರುತ್ತದೆ. ಶುಲ್ಕವೂ ಸೇರಿ ಒಂದು ದಿರ್ಹಮಿಗೆ ಮನೆಗೆ ಬಂದದ್ದು ಅಷ್ಟೇ, ಮತ್ತು ಎರಡು ಆ್ಯಪುಗಳನ್ನು ಹೋಲಿಸಬೇಕಾದರೆ ಈ ಒಂದು ಅಂಕಿಯಿಂದಲೇ ಹೋಲಿಸಬೇಕು.

738 ರೂಪಾಯಿ ಎಲ್ಲಿ ಹೋಯಿತು

ಕಿರಿಯ ಮಗ ಅಂದು ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಒಂದು ದಿರ್ಹಮಿಗೆ 24 ರೂಪಾಯಿ ಎಂದು ಬಂದಿತ್ತು. ಅವನು ಅಣ್ಣ ಕೊಟ್ಟ ಒಟ್ಟು ಮೊತ್ತವಾದ 1,515.75ನ್ನು 24ರಿಂದ ಗುಣಿಸಿದ, 36,378 ಬಂತು. ಚಿತ್ರದಲ್ಲಿದ್ದದ್ದು 35,640. ಹುಡುಗನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಒಂದು ರೀತಿಯಲ್ಲಿ ಆ ಮನೆಯಲ್ಲಿ ನಿಜವಾದ ವೆಚ್ಚವನ್ನು ಕಂಡುಹಿಡಿದವನು ಅವನೇ. ಅದಕ್ಕೆ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಆ 738ರಲ್ಲಿ ಎರಡು ಪಾಲುಗಳಿವೆ. ಶುಲ್ಕದ 15.75 ದಿರ್ಹಮನ್ನು 24ರಂತೆ ಲೆಕ್ಕ ಹಾಕಿದರೆ 378 ರೂಪಾಯಿ. ಇದು ಪರದೆಯ ಮೇಲೆ ತನ್ನ ಹೆಸರಿನಲ್ಲೇ ಕಾಣುತ್ತದೆ. ಉಳಿದ 360 ರೂಪಾಯಿ ಎಲ್ಲಿಯೂ ಬರೆದಿರುವುದಿಲ್ಲ. ಅದು 24 ಮತ್ತು 23.76ರ ನಡುವಿನ 24 ಪೈಸೆಯ ಅಂತರ, 1,500 ದಿರ್ಹಮಿಗೆ ಗುಣಿಸಿದ್ದು. ಇಂಟರ್ನೆಟ್ಟಿನಲ್ಲಿ ಕಾಣುವ 24 ಎಂಬುದು ದೊಡ್ಡ ಬ್ಯಾಂಕುಗಳು ತಮ್ಮತಮ್ಮೊಳಗೆ ಕೊಳ್ಳುವ ಮತ್ತು ಮಾರುವ ದರಗಳ ನಡುಬಿಂದು. ಹಣ ಕಳಿಸುವ ಕಂಪನಿ ಅದಕ್ಕಿಂತ ತುಸು ಕೆಳಗಿನ ದರ ಕೊಟ್ಟು, ಅಂತರವನ್ನು ತನ್ನ ಲಾಭವಾಗಿ ಇಟ್ಟುಕೊಳ್ಳುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಆದರೆ ಶುಲ್ಕದಷ್ಟೇ ದೊಡ್ಡದಾದ ಒಂದು ವೆಚ್ಚಕ್ಕೆ ಪರದೆಯ ಮೇಲೆ ಒಂದು ಸಾಲೂ ಇಲ್ಲದಿರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಅದೃಶ್ಯ ಪಾಲನ್ನು ಮರೆತರೆ "ಶುಲ್ಕವಿಲ್ಲ" ಎಂಬ ಜಾಹೀರಾತು ಸುಲಭವಾಗಿ ದಾರಿ ತಪ್ಪಿಸುತ್ತದೆ. ಅದೇ ದಿನ ಮಗ `Zero fee` ಎನ್ನುವ ಇನ್ನೊಂದು ಆ್ಯಪಿಗೆ ಹೋಗಿ, ಅಲ್ಲಿ 23.40ರ ದರ ಇತ್ತೆಂದು ಇಟ್ಟುಕೊಳ್ಳೋಣ. ಶುಲ್ಕವಿಲ್ಲದ್ದರಿಂದ 1,515.75 ಪೂರ್ತಿ ರೂಪಾಯಿಗೆ ಬದಲಾಗುತ್ತಿತ್ತು, ಆದರೂ ಮನೆಗೆ ಬರುವುದು 35,468.55. ಶುಲ್ಕ ತೆಗೆದುಕೊಂಡ ಆ್ಯಪಿಗಿಂತ 171 ರೂಪಾಯಿ ಕಡಿಮೆ. ಮೊತ್ತ ದೊಡ್ಡದಾದಷ್ಟೂ ದರದ ಅಂತರ ಹೆಚ್ಚು ಕಚ್ಚುತ್ತದೆ, ಏಕೆಂದರೆ ಅದು ಪ್ರತಿ ದಿರ್ಹಮಿನ ಮೇಲೂ ಬೀಳುತ್ತದೆ. ಶುಲ್ಕ ಒಂದೇ ನಿಗದಿ ಮೊತ್ತವಾಗಿದ್ದರೆ ಅದು ಚಿಕ್ಕ ಮೊತ್ತ ಕಳಿಸುವವರಿಗೆ ಭಾರ. ತಿಂಗಳಿಗೆ ಮೂರು ಸಲ 500ರಂತೆ ಕಳಿಸುವ ಮಗ ಮೂರು ಸಲ 15.75 ಕೊಡುತ್ತಾನೆ, ಮನೆಯಲ್ಲಿ ತುರ್ತು ಇಲ್ಲದಿದ್ದರೆ ಒಂದೇ ಸಲ ಕಳಿಸುವಂತೆ ಹೇಳಬಹುದು.

ಇಂಟರ್ನೆಟ್ ಇಲ್ಲದೆಯೂ ನಡುದರವನ್ನು ಅಂದಾಜು ಮಾಡಲು ಒಂದು ಹಾದಿಯಿದೆ. ದಿರ್ಹಮನ್ನು 1997ರಿಂದ ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಲಾಗಿದೆ. ಹಾಗಾಗಿ ದಿರ್ಹಮಿನ ರೂಪಾಯಿ ದರ ಏರಿಳಿಯುವುದು ಡಾಲರಿನ ರೂಪಾಯಿ ದರ ಏರಿಳಿದಾಗ ಮಾತ್ರ. ವಾರ್ತೆಯಲ್ಲಿ ಡಾಲರಿಗೆ 88.14 ರೂಪಾಯಿ ಎಂದು ಹೇಳಿದರೆ, ಅದನ್ನು 3.6725ರಿಂದ ಭಾಗಿಸಿ, 24 ಬರುತ್ತದೆ. ಸೌದಿ ರಿಯಾಲಿಗೆ 3.75ರಿಂದ ಭಾಗಿಸಬೇಕು. ಕುವೈತ್ ದಿನಾರಿಗೆ ಈ ಲೆಕ್ಕ ನಡೆಯದು, ಅದನ್ನು ಹಲವು ನಾಣ್ಯಗಳ ಗುಂಪಿಗೆ ಕಟ್ಟಲಾಗಿದೆ.

ಇನ್ನೊಂದು ಪದದ ಮೇಲೆ ಕಣ್ಣಿರಲಿ. `Recipient gets` ಸಾಲಿನ ಹತ್ತಿರ `Estimated` ಅಥವಾ `Approx.` ಎಂದಿದ್ದರೆ ಆ ರೂಪಾಯಿ ಮೊತ್ತ ಖಚಿತವಲ್ಲ. ಸಾಮಾನ್ಯವಾಗಿ ಹಣ ವಿದೇಶಿ ನಾಣ್ಯದಲ್ಲೇ ನಮ್ಮ ಬ್ಯಾಂಕಿನವರೆಗೆ ಬಂದು ಇಲ್ಲಿ ರೂಪಾಯಿಗೆ ಬದಲಾಗುವಾಗ ಹೀಗಿರುತ್ತದೆ. ಆಗ ದರ ನಮ್ಮ ಬ್ಯಾಂಕಿನದು, ದಾರಿಯಲ್ಲಿನ ಮಧ್ಯವರ್ತಿ ಬ್ಯಾಂಕು ತನ್ನ ಶುಲ್ಕ ಮುರಿಯಬಹುದು, ಜೊತೆಗೆ ನಾಣ್ಯ ಬದಲಾವಣೆಯ ಸೇವೆಗೆ ಜಿಎಸ್‌ಟಿ ಬೀಳುತ್ತದೆ. ಒಂದು ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಅದರ ಶೇ. 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇ. 18 ಹಾಕುವ ಕ್ರಮವಿದೆ. 35,000 ರೂಪಾಯಿಗೆ ಇದು 63 ರೂಪಾಯಿ ಆಗುತ್ತದೆ. `Guaranteed rate` ಅಥವಾ `Rate locked` ಎಂದಿದ್ದರೆ ದರ ನಿಂತಿದೆ ಎಂದರ್ಥ, ಆದರೆ ಪಕ್ಕದಲ್ಲಿ ಎಷ್ಟು ಗಂಟೆಯವರೆಗೆ ಎಂಬ ಗಡುವು ಇದೆಯೇ ನೋಡಿ. ಆ ಗಡುವಿನೊಳಗೆ ಮಗನ ಪಾವತಿ ಕಂಪನಿಗೆ ಮುಟ್ಟದಿದ್ದರೆ ದರ ಬದಲಾಗಬಹುದು.

ಹತ್ತೂವರೆ ಎಂದರೆ ಯಾರ ಹತ್ತೂವರೆ?

ಆ ತಾಯಿಯ ಎರಡನೆಯ ಭಯಕ್ಕೆ ಉತ್ತರ ಇನ್ನೂ ಸರಳ. `Should arrive by Fri, 10:30 PM` ಎಂದು ಬರೆದದ್ದು ಮಗನ ಫೋನಿನಲ್ಲಿ, ಮಗನ ಊರಿನ ಸಮಯಕ್ಕೆ. ಯುಎಇ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿಯ ಶುಕ್ರವಾರ ರಾತ್ರಿ ಹತ್ತೂವರೆ ಎಂದರೆ ಕಾರಟಗಿಯಲ್ಲಿ ಮಧ್ಯರಾತ್ರಿ ಹನ್ನೆರಡು, ಅಂದರೆ ಶನಿವಾರ ಹುಟ್ಟುವ ಗಳಿಗೆ. ಸೌದಿ, ಕುವೈತ್, ಕತಾರ್ ಗಡಿಯಾರಗಳಾದರೆ ಎರಡೂವರೆ ಗಂಟೆ ಹಿಂದಿವೆ. ಅವರು ನಮ್ಮ ಮನೆಗೆ ಬಂದಾಗ ಗಡುವು ಮುಗಿಯಲು ಇನ್ನೂ ಒಂದು ಗಂಟೆಗೂ ಹೆಚ್ಚು ಸಮಯವಿತ್ತು.

ಚಿತ್ರ ಯಾವ ಊರಿನ ಸಮಯದಲ್ಲಿದೆ ಎಂಬ ಅನುಮಾನ ಬಂದರೆ ಅದರ ಮೇಲ್ತುದಿಯನ್ನು ನೋಡಿ. ಫೋನಿನ ಗಡಿಯಾರ ಅಲ್ಲಿ ಚಿಕ್ಕದಾಗಿ ಇರುತ್ತದೆ. ನಮ್ಮ ಚಿತ್ರದಲ್ಲಿ ಅದು 6:40 ಎಂದು ತೋರಿಸುತ್ತಿತ್ತು. ವಾಟ್ಸಾಪಿನಲ್ಲಿ ಅದೇ ಚಿತ್ರ ತಮ್ಮನ ಫೋನಿಗೆ ಬಂದ ಸಮಯ 8:11. ನಡುವಿನ ಒಂದೂವರೆ ಗಂಟೆಯೇ ಎರಡು ಊರುಗಳ ಅಂತರ. ಈ ಗಡಿಯಾರ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: `Processing` ಎಂಬ ಸ್ಥಿತಿ ಆ 6:40ರ ಸ್ಥಿತಿ. ಚಿತ್ರ ತಾನಾಗಿ ಬದಲಾಗುವುದಿಲ್ಲ. ಎರಡೂವರೆ ಗಂಟೆ ಹಳೆಯ ಚಿತ್ರ ನೋಡಿ ಹಣ ಸಿಕ್ಕಿಹಾಕಿಕೊಂಡಿದೆ ಎನ್ನುವುದು, ನಿನ್ನೆಯ ಪೇಪರಿನಲ್ಲಿ ಇಂದಿನ ಭತ್ತದ ದರ ಹುಡುಕಿದಂತೆ. ನಾನು ತಮ್ಮನಿಗೆ ಹೇಳಿದ್ದು ಇಷ್ಟೇ: ಅಣ್ಣನಿಗೆ ಫೋನ್ ಮಾಡಿ, ಆ್ಯಪ್ ತೆರೆದು ಈಗಿನ ಪರದೆ ಕಳಿಸಲು ಹೇಳು. ಹೊಸ ಚಿತ್ರದಲ್ಲಿ ಸ್ಥಿತಿ `Sent to bank` ಎಂದಾಗಿತ್ತು.

ಸ್ಥಿತಿಯ ಪದಗಳು ಆ್ಯಪಿನಿಂದ ಆ್ಯಪಿಗೆ ಬೇರೆಯಾದರೂ ಮೆಟ್ಟಿಲುಗಳು ಅವೇ. `Awaiting payment` ಎಂದಿದ್ದರೆ ಮಗನ ಹಣ ಇನ್ನೂ ಕಂಪನಿಗೇ ಸೇರಿಲ್ಲ. ಊರಲ್ಲಿ ಕಾಯುವುದರಿಂದ ಪ್ರಯೋಜನವಿಲ್ಲ, ಮಗನೇ ನೋಡಬೇಕು. `Processing` ಎಂದರೆ ಕಂಪನಿ ಹಣ ಪಡೆದು ಪರಿಶೀಲಿಸುತ್ತಿದೆ. ದಿನಗಟ್ಟಲೆ ಇಲ್ಲೇ ನಿಂತರೆ ಗುರುತಿನ ಚೀಟಿ ಅಥವಾ ಸಂಬಳದ ದಾಖಲೆ ಕೇಳಿ ಮಗನಿಗೆ ಮೇಲ್ ಬಂದಿರುವ ಸಾಧ್ಯತೆಯಿದೆ. `Sent to bank` ಎಂದ ಮೇಲೆ ಹಣ ಭಾರತದ ಒಳಗಿದೆ ಎಂದು ತಿಳಿಯಬಹುದು. `Delivered` ಅಥವಾ `Completed` ಎಂದರೆ ಖಾತೆಗೆ ಜಮಾ ಆಗಿದೆ ಎಂದು ಕಂಪನಿ ಹೇಳುತ್ತಿದೆ. ಆದರೆ ಅದು ಕಂಪನಿಯ ಮಾತು. ನಮಗೆ ಸಾಕ್ಷಿ ಪಾಸ್‌ಬುಕ್ಕಿನ ಸಾಲು ಮಾತ್ರ.

ಕೊನೆಯ ಮೆಟ್ಟಿಲಲ್ಲಿ ಸಿಕ್ಕಿಕೊಳ್ಳುವ ಕಾರಣಗಳು

ಇಂಥ ಆ್ಯಪುಗಳ ಹಣ ಸಾಮಾನ್ಯವಾಗಿ ಸಾಗರ ದಾಟಿ ನೇರವಾಗಿ ನಮ್ಮ ಶಾಖೆಗೆ ಬರುವುದಿಲ್ಲ. ವಿದೇಶದ ಕಂಪನಿ ಭಾರತದ ಒಂದು ಬ್ಯಾಂಕಿನಲ್ಲಿ ರೂಪಾಯಿ ಖಾತೆ ಇಟ್ಟಿರುತ್ತದೆ. ಆ ಬ್ಯಾಂಕು ಅಲ್ಲಿಂದ ನೆಫ್ಟ್ ಅಥವಾ ಐಎಂಪಿಎಸ್ ಮೂಲಕ ನಮ್ಮ ಖಾತೆಗೆ ಹಾಕುತ್ತದೆ. ಹಾಗಾಗಿ ಪಾಸ್‌ಬುಕ್ಕಿನಲ್ಲಿ ಮಗನ ಹೆಸರು ಕಾಣದೆ, ಕೇಳಿರದ ಕಂಪನಿಯ ಅಥವಾ ಬೇರೊಂದು ಬ್ಯಾಂಕಿನ ಹೆಸರು ಕಾಣಬಹುದು. "ಇದು ನನ್ನ ಮಗನ ರೊಕ್ಕ ಅಲ್ಲ" ಎಂದು ಹೇಳಿ, ಬಂದ ಹಣವನ್ನು ಮುಟ್ಟದೆ ವಾರಗಟ್ಟಲೆ ಕಾದವರಿದ್ದಾರೆ. ಹೆಸರು ನೋಡುವ ಬದಲು ಮೊತ್ತವನ್ನೂ ದಿನಾಂಕವನ್ನೂ ಹೊಂದಿಸಿ ನೋಡಿ.

ನೆಫ್ಟ್ 2019ರ ಡಿಸೆಂಬರ್ 16ರಿಂದ ರಜೆಯಿಲ್ಲದೆ, ಹಗಲು ರಾತ್ರಿ, ಅರ್ಧ ಗಂಟೆಗೊಂದು ಕಂತಿನಲ್ಲಿ ನಡೆಯುತ್ತದೆ. ಎರಡನೆಯ ಶನಿವಾರ ಶಾಖೆ ಮುಚ್ಚಿದ್ದರೂ ಹಣ ಬರುತ್ತದೆ. ಒಂದು ಕಂತಿನಲ್ಲಿ ಬಂದ ಹಣವನ್ನು ಖಾತೆಗೆ ಹಾಕಲಾಗದಿದ್ದರೆ, ಎರಡು ಗಂಟೆಯೊಳಗೆ ಕಳಿಸಿದ ಬ್ಯಾಂಕಿಗೆ ಮರಳಿಸಬೇಕೆಂಬ ನಿಯಮವಿದೆ. ಆದ್ದರಿಂದ ಇಲ್ಲಿಗೆ ಬಂದ ಹಣ ಜಮಾ ಆಗಿರುತ್ತದೆ, ಇಲ್ಲವೇ ಹಿಂದಿರುಗಿರುತ್ತದೆ. ನಡುವೆ ದಿನಗಟ್ಟಲೆ ತೂಗಾಡುವುದು ಅಪರೂಪ.

ಹಿಂದಿರುಗುವುದಕ್ಕೆ ನಮ್ಮ ಭಾಗದಲ್ಲಿ ಎರಡು ಕಾರಣಗಳನ್ನು ಹೆಚ್ಚಾಗಿ ಕಂಡಿದ್ದೇನೆ. ಒಂದು, ಹಳೆಯ ಐಎಫ್‌ಎಸ್‌ಸಿ ಸಂಕೇತ. ಇದು ಹನ್ನೊಂದು ಅಕ್ಷರಗಳದ್ದು. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆಯ ಗುರುತು. ರಾಯಚೂರು, ಕೊಪ್ಪಳ ಕಡೆ ಒಂದು ಕಾಲದಲ್ಲಿ ಮನೆಮನೆಗೂ ಇದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಖಾತೆಗಳು 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಸೇರಿದವು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿಗೆ ಸೇರಿ, ಅದರ `SYNB` ಎಂದು ಆರಂಭವಾಗುವ ಸಂಕೇತಗಳು 2021ರ ಜುಲೈ 1ರಿಂದ ನಿಂತುಹೋದವು. ಪೆಟ್ಟಿಗೆಯಲ್ಲಿದ್ದ ಹಳೆಯ ಪಾಸ್‌ಬುಕ್ಕಿನ ಫೋಟೊ ತೆಗೆದು ಮಗನಿಗೆ ಕಳಿಸಿದರೆ ಈ ಸತ್ತ ಸಂಕೇತವೇ ಆ್ಯಪಿಗೆ ಹೋಗುತ್ತದೆ. ಹೊಸ ಪಾಸ್‌ಬುಕ್ ಪಡೆದು ಅದರ ಮೊದಲ ಪುಟವನ್ನೇ ಕಳಿಸಿ.

ಎರಡನೆಯ ಕಾರಣ ಹಲವರಿಗೆ ತಿಳಿದಿಲ್ಲ. ಪೂರ್ಣ ಗುರುತಿನ ದಾಖಲೆ ಕೊಡದೆ ತೆರೆದ "ಸಣ್ಣ ಖಾತೆ"ಗಳಿಗೆ ಮಿತಿಗಳಿವೆ: ವರ್ಷಕ್ಕೆ ಒಟ್ಟು ಒಂದು ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ಯಾವ ಹೊತ್ತಿನಲ್ಲೂ ಬಾಕಿ 50,000 ಮೀರುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಗುರುತಿನ ದಾಖಲೆ ಪೂರ್ಣಗೊಳ್ಳುವವರೆಗೆ ಆ ಖಾತೆಗೆ ವಿದೇಶದ ಹಣ ಹಾಕುವಂತೆಯೇ ಇಲ್ಲ. ಜನಧನ್ ಕಾಲದಲ್ಲಿ ಅವಸರದಲ್ಲಿ ತೆರೆದ ಕೆಲವು ಖಾತೆಗಳು ಇಂಥವು. ಕೂಲಿ ಹಣ, ಸರ್ಕಾರದ ಹಣ ಅದಕ್ಕೆ ಬರುತ್ತಿರುವುದರಿಂದ ಖಾತೆ ಸರಿಯಾಗಿದೆ ಎಂದೇ ಮನೆಯವರು ಭಾವಿಸಿರುತ್ತಾರೆ. ಆಧಾರ್ ಮತ್ತು ಪ್ಯಾನ್ ಹಿಡಿದು ಶಾಖೆಗೆ ಹೋಗಿ, "ನನ್ನದು ಪೂರ್ಣ ಕೆವೈಸಿ ಆದ ಖಾತೆಯೇ, ಸಣ್ಣ ಖಾತೆಯೇ?" ಎಂದು ಕೇಳಿ. ಮಗ ಮೊದಲ ಸಲ ಕಳಿಸುವ ಮುಂಚೆಯೇ ಕೇಳಿದರೆ ಇನ್ನೂ ಒಳ್ಳೆಯದು.

ಚಿತ್ರದಲ್ಲಿ `Delivered` ಎಂದಿದ್ದೂ ಜಮಾ ಕಾಣದಿದ್ದರೆ, ಆ್ಯಪಿನ ಉಲ್ಲೇಖ ಸಂಖ್ಯೆಯನ್ನು ಹಿಡಿದು ಶಾಖೆಗೆ ಹೋಗುವುದರಿಂದ ಕೆಲಸವಾಗದು. ಅದು ಕಂಪನಿಯ ಒಳಗಿನ ಸಂಖ್ಯೆ, ನಮ್ಮ ಬ್ಯಾಂಕಿನ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ಮಗ ಕಂಪನಿಯ ಗ್ರಾಹಕ ಸೇವೆಯನ್ನು ಕೇಳಿ, ಭಾರತದ ಒಳಗಿನ ಪಾವತಿಯ ಯುಟಿಆರ್ ಸಂಖ್ಯೆ ಪಡೆಯಬೇಕು. ನೆಫ್ಟ್ ಆಗಿದ್ದರೆ ಅದು 16 ಅಕ್ಷರಗಳದ್ದು, ಐಎಂಪಿಎಸ್ ಆಗಿದ್ದರೆ 12 ಅಂಕಿಗಳ ಸಂಖ್ಯೆ. ಅದನ್ನು ಕೊಟ್ಟರೆ ಕೌಂಟರಿನಲ್ಲಿರುವವರು ಹಣ ಬಂದಿದೆಯೋ ಹಿಂದಿರುಗಿದೆಯೋ ಎಂಬುದನ್ನು ಹುಡುಕಿ ಹೇಳಬಲ್ಲರು.

ಪರಿಚಯವಿಲ್ಲದವರು ಕಳಿಸಿದ ಇಂಥ ಚಿತ್ರಕ್ಕೆ ಬೆಲೆ ಕೊಡಬೇಡಿ. ಚಿತ್ರದಲ್ಲಿನ ಅಂಕಿ ತಿದ್ದುವುದು ಕಷ್ಟವಲ್ಲ. "ನಿಮ್ಮ ಖಾತೆಗೆ ತಪ್ಪಿ ಹೆಚ್ಚು ಹಾಕಿದ್ದೇವೆ, ಉಳಿದದ್ದು ಮರಳಿಸಿ" ಎಂದೋ, "ಹಣ ಬಿಡುಗಡೆಗೆ ತೆರಿಗೆ ಕಟ್ಟಿ" ಎಂದೋ ಕೇಳಿದರೆ, ಮೇಲಿನ ಯಾವ ಮೆಟ್ಟಿಲಲ್ಲೂ ಪಡೆಯುವವರು ಮುಂಗಡ ಕಟ್ಟುವ ಸಾಲು ಇರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಅಂಥ ಕರೆಗೆ ಹಣ ಕೊಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಆ ಶುಕ್ರವಾರ ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ, ಅವರು ಇನ್ನೂ ನಮ್ಮ ಜಗುಲಿಯಲ್ಲಿ ಕೂತಿದ್ದಾಗಲೇ, ತಮ್ಮನ ಫೋನಿಗೆ ಬ್ಯಾಂಕಿನ ಸಂದೇಶ ಬಂತು: 35,640.00 ಜಮಾ. ಕಳಿಸಿದವರ ಜಾಗದಲ್ಲಿ ಮಗನ ಹೆಸರಿರಲಿಲ್ಲ. ತಾಯಿ ಆ ಸಂದೇಶವನ್ನು ಎರಡು ಸಲ ಓದಿಸಿಕೊಂಡು, "ಮುಂದಿನ ಸಲ ಕಳಸೋಕ್ಕಿಂತ ಮುಂಚೆನ ಎರಡು ಆ್ಯಪಿನ ಫೋಟೊ ಹಾಕು ಅನ್ನು ಅವಂಗ. ನಾವು ಇಲ್ಲೇ ಭಾಗಿಸಿ ನೋಡಿ ಹೇಳ್ತೀವಿ" ಎಂದು ಕಿರಿಯ ಮಗನಿಗೆ ಹೇಳಿದರು.